ಬೋರ್‌ವೆಲ್ ಮೋಟಾರ್ ಮತ್ತೆ ಹೋಯಿತು: ಇವತ್ತೇ ಒಂದು ತೀರ್ಮಾನ ಆಗಬೇಕು

ಕೆಳಗಿನ ಸಾಲು, ಅಕ್ಕ (ರಾತ್ರಿ 1:50)
ಯಾರಾದರೂ ಎದ್ದಿದ್ದೀರಾ? ಮಗುವಿಗೆ ಜ್ವರ, ಎರಡು ಸಲ ವಾಂತಿ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಸಾರು ಮಾಡುವ ಪಾತ್ರೆಯಲ್ಲಿದ್ದ ನೀರಲ್ಲಿ ಬೆಡ್‌ಶೀಟ್ ತೊಳೆದೆ. ಶೆಡ್ಡಿಗೆ ಹೋಗಿ ನೋಡಿದರೆ ಸ್ಟಾರ್ಟರ್ ಪೆಟ್ಟಿಗೆ ಸುಟ್ಟ ವಾಸನೆ ಹೊಡೀತಾ ಉಂಟು. ಕಳೆದ ಬಾರಿಯೂ ಹೀಗೇ ಮನೆಮನೆಗೆ ಹೋಗಿ ಪೈಸ ಎತ್ತಿದ್ದು ನಾನು. ಇನ್ನು ನಾನು ಬರುವುದಿಲ್ಲ.

ಮೂಲೆ ಮನೆ ರೈಗಳು (5:40)
ಮೇಲಿನ ಸಾಲಿನವರು ವಾಲ್ವ್ ತೆರೆದಿಟ್ಟು ಮಲಗಿದ್ದಾರೆ. ನಾನು ಮೊದಲೇ ಹೇಳಿದ್ದೆ.

ಮೇಲಿನ ಸಾಲು, 14ನೇ ಮನೆ (5:52)
ರೈಗಳೇ, ನಾವು ನಿನ್ನೆ ಊರಲ್ಲೇ ಇರಲಿಲ್ಲ. ಬೇಸಿಗೆಯಲ್ಲಿ ನೀರು ಕೆಳಗೆ ಇಳಿದಿದೆ, ಮೋಟಾರ್ ಒಣಗಿ ಓಡಿದೆ. ಅದಕ್ಕೆ ನಾವೇನು ಮಾಡೋಣ?

ಮೂಲೆ ಮನೆ ರೈಗಳು (5:53)
ವಾಲ್ವ್ ಮುಚ್ಚಿ. ಅಷ್ಟೇ.

ಭಟ್ರ ಮನೆ ಅಮ್ಮ (6:10)
🌸 ಶುಭ ಮುಂಜಾನೆ. ನಗು ಇದ್ದಲ್ಲಿ ನೋವಿಲ್ಲ 🌸

ಕೆಳಗಿನ ಸಾಲು, ಅಕ್ಕ (6:11)
ಅಮ್ಮಾ, ಇಲ್ಲಿ ನೀರಿಲ್ಲ.

ಬ್ಯಾಂಕ್ ಶೆಣೈ ಮಾಮ್ (8:30)
ಬದಿಯಡ್ಕದ ಮೆಕ್ಯಾನಿಕ್ ಬಂದು ನೋಡಿ ಹೋದರು. ಕಾಯಿಲ್ ಸುಟ್ಟಿದೆ. ರಿವೈಂಡಿಂಗ್ ಮಾಡಿ ಇಳಿಸಲು 9,500. ಆದರೆ ಎರಡು ವರ್ಷಕ್ಕಿಂತ ಜಾಸ್ತಿ ನಂಬಬೇಡಿ ಎಂದರು. ಹೊಸ ಮೋಟಾರ್, ಕೇಬಲ್, ಇಳಿಸುವ ಕೂಲಿ ಎಲ್ಲ ಸೇರಿ 72,000. ಈಗ ರಿವೈಂಡಿಂಗೇ ಮಾಡಿಸೋಣ. ಆದರೆ ಇನ್ನಾದರೂ ತಿಂಗಳು ತಿಂಗಳು ಸ್ವಲ್ಪ ಎತ್ತಿಡುವ ಕೆಲಸ ಶುರು ಮಾಡೋಣ. ಸುಟ್ಟ ದಿನ ಎಲ್ಲರ ಕೈ ನೋಡುವುದು ಬೇಡ.

ಮಾಷ್ಟ್ರು, 6ನೇ ಮನೆ (8:44)
ಸುಲಭದ ಲೆಕ್ಕ. ಹಳೆಯದು 7 ವರ್ಷದ ಹಿಂದೆ 48,000ಕ್ಕೆ ತಂದದ್ದು. 7 ವರ್ಷ ಬಂತು. 48,000ವನ್ನು 84 ತಿಂಗಳಿಗೆ ಹಂಚಿದರೆ 571. ನಾವು 18 ಮನೆ. ಮನೆಗೆ 32 ರೂಪಾಯಿ. ಒಂದು ಚಹಾ, ಒಂದು ಬನ್ಸ್.

ಬ್ಯಾಂಕ್ ಶೆಣೈ ಮಾಮ್ (8:58)
ಮಾಷ್ಟ್ರೇ, 48,000 ಹಳೆ ಬೆಲೆ. ಅದು ಈಗ 72,000 ಆಗಿದೆ. ಅಂದರೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿದೆ. ಹೊಸ ಮೋಟಾರ್ ಹಾಕಿದ ಮೇಲೆ ಅದೇ ಓಟದಲ್ಲಿ ಇನ್ನೊಂದು 7 ವರ್ಷ ಕಳೆದರೆ 1,08,000 ಬೇಕು. ನಿಮ್ಮ 32ರಲ್ಲಿ ಆಗ ಕೈಯಲ್ಲಿ ಇರುವುದು 48,000. ಅರ್ಧವೂ ಇಲ್ಲ. ಮುಂದೆ ಕೊಡಬೇಕಾದ ಬೆಲೆಯನ್ನು ಹಿಡಿದೇ ಲೆಕ್ಕ ಹಾಕಬೇಕು.

ಮಾಷ್ಟ್ರು, 6ನೇ ಮನೆ (9:15)
ಒಪ್ಪಿದೆ. ಆದರೆ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿಯಲ್ಲಿ ಇಟ್ಟರೆ ಬಡ್ಡಿಯೂ 6 ಬರುತ್ತದಲ್ಲ? ಬೆಲೆ 6 ಏರಿದರೆ ಬಡ್ಡಿ 6 ಸರಿದೂಗಿಸುತ್ತದೆ. ಹಾಗಾಗಿ ಇವತ್ತಿನ 72,000ವನ್ನೇ 84ಕ್ಕೆ ಹಂಚಿದರೆ ಸಾಕು. ತಿಂಗಳಿಗೆ 857, ಮನೆಗೆ 48.

ಗಣೇಶನ ಮನೆ ಹುಡುಗ (9:17)
ನಮ್ಮ ಅಜ್ಜನ ಮನೆಗೆ ಗುಡ್ಡ ಕೊರೆದ ಸುರಂಗದಿಂದ ನೀರು ಬರುತ್ತದೆ, ಅಲ್ಲಿ ಮೋಟಾರ್ ಇಲ್ಲ, ಬಡ್ಡಿ ಇಲ್ಲ, ಲೆಕ್ಕ ಇಲ್ಲ. ಮುರಕಲ್ಲು ಕೊರೆಯಲು ಯಾರು ಬರುತ್ತೀರಿ? 😂

ಬ್ಯಾಂಕ್ ಶೆಣೈ ಮಾಮ್ (9:40)
ಮಾಷ್ಟ್ರ ಮಾತು ಅರ್ಧ ಸರಿ. ಬೆಲೆ ಏರುವುದು ಇಡೀ 72,000ದ ಮೇಲೆ, ಮೊದಲ ದಿನದಿಂದ. ಬಡ್ಡಿ ಬರುವುದು ಆವರೆಗೆ ಕಟ್ಟಿದ ಹಣಕ್ಕೆ ಮಾತ್ರ. ಕೊನೆಯ ವರ್ಷದ ಕಂತುಗಳಿಗೆ ಬಡ್ಡಿ ಬೆಳೆಯಲು ಸಮಯವೇ ಇಲ್ಲ. 857ರಂತೆಯೇ 7 ವರ್ಷ ಕಟ್ಟಿದರೆ 89,000 ಚಿಲ್ಲರೆ ಆಗುತ್ತದೆ. 19,000 ಕಡಿಮೆ. ಒಂದೇ ಮೊತ್ತ ಕಟ್ಟುವುದಾದರೆ ತಿಂಗಳಿಗೆ 1,040 ಬೇಕು, ಮನೆಗೆ 58.
48ರಿಂದಲೇ ಶುರು ಮಾಡಬೇಕು ಎಂದರೆ ಪ್ರತಿ ವರ್ಷ ಕಂತನ್ನೂ ನೂರಕ್ಕೆ 6 ಏರಿಸಬೇಕು. ಕೊನೆಯ ವರ್ಷ 68ರ ಹತ್ತಿರ ಹೋಗುತ್ತದೆ. ಹಾಗೆ ಮಾಡಿದರೆ ಮಾಷ್ಟ್ರ ಲೆಕ್ಕ ಹೆಚ್ಚುಕಡಿಮೆ ಸರಿ. ವರ್ಷ ವರ್ಷ ಏರಿಸಲು ನೀವೆಲ್ಲ ಬಿಡುತ್ತೀರಾ, ಅದು ಬೇರೆ ಮಾತು.

ಮೂಲೆ ಮನೆ ರೈಗಳು (9:42)
ಬಿಡುವುದಿಲ್ಲ. ಮೂರು ವರ್ಷದ ಹಿಂದೆ ಎತ್ತಿದ ಹಣ ಎಲ್ಲಿ ಹೋಯಿತು, ಮೊದಲು ಅದು ಹೇಳಿ. ಓಣಂ ಪೂಕ್ಕಳಂಗೆ ಹೂವು, ಮೈಕು, ಪಾಯಸ!

ಮೇಲಿನ ಸಾಲು, 14ನೇ ಮನೆ (9:44)
ಆ ಪಾಯಸ ಮೂರು ಲೋಟ ಕುಡಿದವರು ಯಾರು?

ಕೆಳಗಿನ ಸಾಲು, ಅಕ್ಕ (9:46)
ಅದಕ್ಕೇ ಹೇಳುವುದು, ಹಣ ಒಬ್ಬರ ಖಾತೆಯಲ್ಲಿ ಬೇಡ. ಇಬ್ಬರ ಸಹಿ ಇರುವ ಖಾತೆ ಮಾಡಿ. ಮೋಟಾರಿಗೆ ಮಾತ್ರ ಎಂದು ಪುಸ್ತಕದಲ್ಲಿ ಬರೆದು ಇಡಿ.

ಶಾರ್ಜಾ ಅಣ್ಣ (10:20)
ನಮ್ಮ ಮನೆ ವರ್ಷಕ್ಕೆ 10 ತಿಂಗಳು ಬೀಗ. ನಾವು ಯಾಕೆ ಪೂರ್ತಿ ಕೊಡಬೇಕು? ಮೋಟಾರ್ ಸವೆಯುವುದು ಓಡಿದ ಗಂಟೆಗೆ. ನಾವು ಓಡಿಸಲೇ ಇಲ್ಲ.

ಬ್ಯಾಂಕ್ ಶೆಣೈ ಮಾಮ್ (10:31)
ಗಂಟೆ ಲೆಕ್ಕ ತಪ್ಪಲ್ಲ. ಆದರೆ ನೀವು ರಜೆಗೆ ಬಂದ ದಿನ ನಲ್ಲಿಯಲ್ಲಿ ನೀರು ಬೇಕಲ್ಲ, ಆ ಭರವಸೆಗೂ ಒಂದು ಪಾಲು ಉಂಟು. ಅರ್ಧ ಎಲ್ಲರಿಗೂ ಸಮ, ಅರ್ಧ ಬಳಕೆಯ ಮೇಲೆ ಎಂದು ಮಾಡಬಹುದು. ಮನೆಮನೆಗೆ ಮೀಟರ್ ಬೇಕಾಗುತ್ತದೆ. ಅದಕ್ಕೆ ಯಾರು ಹಣ ಕೊಡುತ್ತಾರೆ, ನನಗೆ ಗೊತ್ತಿಲ್ಲ.

9ನೇ ಮನೆ ಅಕ್ಕ (10:35)
ಇದು ಲೋನಾ? ನನ್ನ ಸ್ಕೂಟರ್ ಕಂತು ಇನ್ನೂ 14 ತಿಂಗಳು ಬಾಕಿ. ಇನ್ನೊಂದು ಸಾಲ ಆಗುವುದಿಲ್ಲ.

ಕೆಳಗಿನ ಸಾಲು, ಅಕ್ಕ (10:37)
ಸಾಲ ಅಲ್ಲ ಅಕ್ಕ. ಸ್ಕೂಟರಿಗೆ ತಂದ ಮೇಲೆ ಕಟ್ಟುತ್ತೀರಿ, ಇದಕ್ಕೆ ತರುವ ಮೊದಲು ಕಟ್ಟುವುದು. ಬಡ್ಡಿ ನಾವು ಕೊಡುವುದಿಲ್ಲ, ನಮಗೇ ಬರುತ್ತದೆ.

9ನೇ ಮನೆ ಅಕ್ಕ (10:38)
ಹಾಗಾದರೆ ಸ್ಕೂಟರಿಗೂ ಹಾಗೇ ಮಾಡಬಹುದಿತ್ತಲ್ಲ! ಯಾರೂ ಹೇಳಲೇ ಇಲ್ಲ.

ಬ್ಯಾಂಕ್ ಶೆಣೈ ಮಾಮ್ (11:05)
ಇನ್ನೊಂದು ವಿಷಯ. 58 ಎಂದದ್ದು ಹೊಸ ಮೋಟಾರ್ ಹಾಕಿದ ದಿನದಿಂದ ಶುರು ಮಾಡಿದರೆ. ನಾವು ರಿವೈಂಡಿಂಗ್ ಮಾಡಿಸುತ್ತಿದ್ದೇವೆ, 7 ವರ್ಷ ಸಿಗುವುದಿಲ್ಲ, ಎರಡೇ. ಎರಡು ವರ್ಷಕ್ಕೆ ಬೆಲೆ 81,000ದ ಹತ್ತಿರ ಇರುತ್ತದೆ. 24 ತಿಂಗಳಲ್ಲಿ ಅಷ್ಟು ಆಗಬೇಕು. ಬಡ್ಡಿ ಬಿಟ್ಟು ನೋಡಿದರೆ ಮನೆಗೆ ಸುಮಾರು 190. ಹೊಸದು ಬಂದ ಮೇಲೆ 65ರ ಆಸುಪಾಸಿಗೆ ಇಳಿಯುತ್ತದೆ. ಮೊದಲ ಸುತ್ತು ಕಹಿ. ಹಿಂದಿನ 7 ವರ್ಷ ಯಾರೂ ಕಟ್ಟಲಿಲ್ಲವಲ್ಲ, ಅದರ ಬಾಕಿ ಇದು.

ಮೂಲೆ ಮನೆ ರೈಗಳು (11:07)
190! ಬೆಳಿಗ್ಗೆ 32 ಇತ್ತು, ಮಧ್ಯಾಹ್ನಕ್ಕೆ 190. ರಾತ್ರಿಗೆ ಎಷ್ಟು ಮಾರಾಯ್ರೇ?

ಗಣೇಶನ ಮನೆ ಹುಡುಗ (11:08)
ರೈಗಳೇ, ಬೇಗ ಕಟ್ಟಿ, ರೇಟು ಏರುತ್ತಾ ಉಂಟು 😂

ಮಾಷ್ಟ್ರು, 6ನೇ ಮನೆ (11:20)
ಎರಡು ವರ್ಷ ಎನ್ನುವುದು ಮೆಕ್ಯಾನಿಕ್ ಅಂದಾಜು. ಐದು ತಿಂಗಳಿಗೇ ಹೋದರೆ?

ಬ್ಯಾಂಕ್ ಶೆಣೈ ಮಾಮ್ (11:26)
ಹೋದರೆ ಪೆಟ್ಟಿಗೆಯಲ್ಲಿ 17,000 ಇರುತ್ತದೆ. ಉಳಿದದ್ದಕ್ಕೆ ಮತ್ತೆ ಮನೆಮನೆ. ಅದಕ್ಕೇ ಮೋಟಾರ್ ಒಣಗಿ ಓಡದ ಹಾಗೆ ನೋಡಿಕೊಳ್ಳಬೇಕು. ನೀರು ಇಳಿದಾಗ ತಾನೇ ನಿಲ್ಲಿಸುವ ಪ್ಯಾನಲ್ ಹಾಕಿಸಬೇಕು. ಇಲ್ಲದಿದ್ದರೆ 7 ವರ್ಷದ ಲೆಕ್ಕ ಬರೀ ಕಾಗದದಲ್ಲಿ.

ಮೂಲೆ ಮನೆ ರೈಗಳು (11:27)
ನಾನು ಹೇಳಿದ್ದೂ ಅದೇ! ವಾಲ್ವಿಗೆ ಬೀಗ ಹಾಕಿ!

ಮೇಲಿನ ಸಾಲು, 14ನೇ ಮನೆ (11:29)
ಹಾಕಿ. ಕೀಲಿ ಯಾರ ಹತ್ತಿರ? ನಿಮ್ಮ ಹತ್ತಿರ ಬೇಡ.

ಮೂಲೆ ಮನೆ ರೈಗಳು (11:29)
ನನ್ನ ಹತ್ತಿರವೇ ಇರಬೇಕು.

ಭಟ್ರ ಮನೆ ಅಮ್ಮ (11:33)
ಕೀಲಿ ನಮ್ಮ ಮನೆ ದೇವರ ಕೋಣೆಯಲ್ಲಿ ಇರಲಿ. ನಾನು ಎಲ್ಲಿಗೂ ಹೋಗುವುದಿಲ್ಲ.

ಶಾರ್ಜಾ ಅಣ್ಣ (11:40)
ಒಪ್ಪಿದೆ 👍

ಮೇಲಿನ ಸಾಲು, 14ನೇ ಮನೆ (11:41)
ಅಮ್ಮನ ಹತ್ತಿರ ಆದರೆ ಸರಿ.

ಕೆಳಗಿನ ಸಾಲು, ಅಕ್ಕ (12:15)
ಮೋಟಾರ್ ಫಂಡ್ ಏನಾಯಿತು? 190ಕ್ಕೆ ಯಾರು ಯಾರು ಹೂಂ ಅಂದಿರಿ? ಶೆಣೈ ಮಾಮ್ ಬಿಟ್ಟು ಒಬ್ಬರ ಹೆಸರಾದರೂ ಹೇಳಿ.

ಗಣೇಶನ ಮನೆ ಹುಡುಗ (12:40)
ಟ್ಯಾಂಕರ್ ಬಂದಿದೆ. ಕೊಡ ತನ್ನಿ, ಬೇಗ.

ಮೂಲೆ ಮನೆ ರೈಗಳು (1:05)
ಬೀಗ ತಂದೆ. 180 ರೂಪಾಯಿ. ಫಂಡಿನಿಂದ ಕೊಡುತ್ತೀರಾ?