ಅಪ್‌ಡೇಟ್: ಬೆಂಗಳೂರು–ಹುಬ್ಬಳ್ಳಿ ಕಾರು ಪ್ರಯಾಣದ ಖರ್ಚು

ನನ್ನ ಪ್ರಶ್ನೆ: "410 ಕಿ.ಮೀ. ದೂರಕ್ಕೆ, ಪೆಟ್ರೋಲ್ ಲೀಟರಿಗೆ 103 ರೂಪಾಯಿಯಂತೆ, ಟೋಲ್ ಸೇರಿ ಹೋಗುವುದಕ್ಕೆ ಮಾತ್ರ ಎಷ್ಟಾಗುತ್ತದೆ?"

ಈ ಪ್ರಶ್ನೆಗೆ ಉತ್ತರಿಸುವಾಗ ನೀವು ಸೂಚಿಸಿದಂತೆ ಟ್ಯಾಂಕ್ ಭರ್ತಿ ಮಾಡಿ ಓಡಿಸಿ, ಮತ್ತೆ ಭರ್ತಿ ಮಾಡಿ ಅಳೆದಾಗ, ಡ್ಯಾಶ್‌ಬೋರ್ಡ್ 18 ಎಂದು ತೋರಿಸುತ್ತಿದ್ದ ಮೈಲೇಜ್ ವಾಸ್ತವದಲ್ಲಿ 16 ಇತ್ತು. 410ನ್ನು 16ರಿಂದ ಭಾಗಿಸಿದರೆ ಸುಮಾರು 25.6 ಲೀಟರ್, ಅಂದರೆ 2,639 ರೂಪಾಯಿ. 18ರ ಲೆಕ್ಕದಲ್ಲಿ ಇದು 2,346 ಮಾತ್ರ ಆಗುತ್ತಿತ್ತು.

ಫಾಸ್ಟ್‌ಟ್ಯಾಗ್ ಕಡಿತದ ಸಂದೇಶಗಳನ್ನು ಕೂಡಿಸಿದಾಗ ಟೋಲ್ 540 ಬಂದು, ಒಟ್ಟು 3,179 ರೂಪಾಯಿ ಆಯಿತು. 24 ಗಂಟೆಯೊಳಗೆ ಮರಳುವವರಿಗೆ ಹೋಗಿಬರುವ ಟೋಲ್ ಒಂದೂವರೆ ಪಟ್ಟು ಮಾತ್ರ ಆಗುವುದರಿಂದ, ಆ ಮೊತ್ತವನ್ನು ಅರ್ಧ ಮಾಡಿ ಒಂದು ಬದಿಯ ಟೋಲ್ ಎಂದು ಹಿಡಿಯಬಾರದು; ಒಂದು ಬದಿಗೆ ಪೂರ್ಣ ದರವೇ ಅನ್ವಯಿಸುತ್ತದೆ.