ಪದಚರ್ಚೆ: ‘ಗ್ರೇಸ್’, ‘ಜಸ್ಟಿಫೈ’ – ಚರ್ಚಿನ ಪ್ರಸಂಗದಲ್ಲಿ ಮಕ್ಕಳಿಗೆ ಏನು ಕೇಳಿಸುತ್ತದೆ?

ಧಾರವಾಡದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಎಲ್ಲರೂ ಇಂಗ್ಲಿಷ್ ಮೀಡಿಯಂ. ಅವರಿಗಾಗಿಯೇ ನಮ್ಮ ಅಯ್ಯನವರು ಕನ್ನಡ ಪ್ರಸಂಗದ ನಡುವೆ ಇಂಗ್ಲಿಷ್ ಮಾತು ಸೇರಿಸುತ್ತಾರೆ. ಹೋದ ಭಾನುವಾರ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಓದಿ, “ಇದು ಗಾಡ್ಸ್ ಗ್ರೇಸ್. ದೇವರೇ ನಮ್ಮನ್ನು ಜಸ್ಟಿಫೈ ಮಾಡ್ತಾರೆ” ಅಂದರು. ಮಕ್ಕಳು ತಲೆ ಆಡಿಸಿದರು.

ಆಮೇಲೆ ಕ್ಲಾಸಿನಲ್ಲಿ ಒಂಬತ್ತನೇ ತರಗತಿಯ ಹುಡುಗನನ್ನು ಕೇಳಿದೆ, ಗ್ರೇಸ್ ಅಂದ್ರೆ ಏನಪ್ಪಾ ಅಂತ. “ಪಾಸಾಗೋಕೆ ಸ್ವಲ್ಪ ಕಮ್ಮಿ ಬಿದ್ರೆ ಹಾಕ್ತಾರಲ್ಲ ಟೀಚರ್, ಆ ಗ್ರೇಸ್ ಮಾರ್ಕ್ಸ್” ಅಂದ. ಜಸ್ಟಿಫೈ ಅಂದ್ರೆ? “ನಾವು ತಪ್ಪು ಮಾಡಿದ್ರೂ ಸರಿ ಅಂತ ವಾದ ಮಾಡೋದು. ಮನೇಲಿ ಅಮ್ಮ ಬೈತಾರಲ್ಲ, ಜಸ್ಟಿಫೈ ಮಾಡ್ಬೇಡ ಅಂತ.”

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅರ್ಥವಾಗಲಿ ಅಂತ ಹಾಕಿದ ಪದವೇ ಅರ್ಥ ಕೆಡಿಸಿದೆ. ಈ ಎರಡಕ್ಕೆ ಯಾವ ಪದ ಬಳಸಬೇಕು?

ಮೈಸೂರಿನಿಂದ:

ಇಂಗ್ಲಿಷ್ ಬಿಟ್ಟರೆ ಮುಗಿಯಿತಲ್ಲ! ‘ಕೃಪೆ’ ಇದೆ. ಯಕ್ಷಗಾನ ಮೇಳದ ಬೋರ್ಡಿನ ಮೇಲೂ ‘ಕೃಪಾಪೋಷಿತ’ ಅಂತ ಬರೆದಿರುತ್ತದೆ. ಕನ್ನಡ ಪದಕ್ಕೆ ಪರೀಕ್ಷೆಯ ಮಾರ್ಕ್ಸಿನ ಗೊಂದಲ ಇಲ್ಲ.

ಬೆಂಗಳೂರಿನಿಂದ:

ಗೊಂದಲ ಇದೆ ಸರ್. ಗ್ರೇಸ್ ಮಾರ್ಕ್ಸಿಗೆ ಪತ್ರಿಕೆಯವರು ಬರೆಯುವುದೇ ‘ಕೃಪಾಂಕ’. 2024ರಲ್ಲಿ ಎಸ್ಸೆಸ್ಸೆಲ್ಸಿ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದಾಗ ದಿನಾ ಅದೇ ಸುದ್ದಿ. ನಾನು ಪುರವಣಿಯ ಕರಡು ತಿದ್ದುವವಳು, ಎಷ್ಟು ಸಲ ತಿದ್ದಿದ್ದೇನೋ.

ಮಂಗಳೂರಿನಿಂದ:

ನಮ್ಮ ಕಡೆ ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನನ್ನ ಅಜ್ಜಿಗೆ ಪ್ರಸಂಗದ ಕನ್ನಡ ಪೂರಾ ಅರ್ಥ ಆಗುತ್ತಿರಲಿಲ್ಲ, ಆದರೂ ಕಣ್ಣೀರು ಹಾಕುತ್ತಿದ್ದರು. ಮಕ್ಕಳಿಗೆ ಎಲ್ಲ ಪದ ತಿಳಿಯಲೇಬೇಕು ಅಂತ ಯಾಕೆ? ಅಂದ ಹಾಗೆ, ನಮ್ಮ ಪಕ್ಕದ ಕಥೋಲಿಕರು ಪ್ರಸಂಗ ಅನ್ನುವುದಿಲ್ಲ, ‘ಪ್ರಬೋಧನೆ’ ಅನ್ನುತ್ತಾರೆ. ಯಾವುದು ಸರಿ?

ಬಳ್ಳಾರಿಯಿಂದ:

ಎರಡೂ ಬಳಕೆಯಲ್ಲಿವೆ. ಆದರೆ ಟೀಚರಮ್ಮ ಕೇಳಿದ್ದು ಬೇರೆ.

ನಾನು ನಿವೃತ್ತ ಸಭಾಪಾಲಕ. ಇದೇ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ ಅಂದುಕೊಳ್ಳುತ್ತೇವೆ. ಅವರಿಗೆ ಬರುವುದು ಶಾಲೆಯ ಇಂಗ್ಲಿಷ್. ನಾವು ಹೇಳುವುದು ಚರ್ಚಿನ ಇಂಗ್ಲಿಷ್. ಪದ ಒಂದೇ, ಅರ್ಥ ಬೇರೆ.

‘ಜಸ್ಟಿಫೈ’ ನೋಡಿ. ಪೌಲನು ಗ್ರೀಕಿನಲ್ಲಿ ಬಳಸಿದ್ದು ನ್ಯಾಯಾಲಯದ ಪದ. ನ್ಯಾಯಾಧಿಪತಿ ಎದುರಿಗೆ ನಿಂತವನನ್ನು ನೀತಿವಂತ ಅಂತ ಘೋಷಿಸುವುದು. ನಮ್ಮ ಹಳೆಯ ಸತ್ಯವೇದದಲ್ಲಿ ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ ತೆಗೆಯಿರಿ. ನೀತಿವಂತರೆಂದು ನಿರ್ಣಯಿಸುವ ಮಾತೇ ಇದೆ. ಬಾಯಿಗೆ ಉದ್ದ, ನಿಜ. ಆದರೆ ‘ನಿರ್ಣಯ’ದಲ್ಲಿ ನ್ಯಾಯಾಧಿಪತಿ ಕೂತಿದ್ದಾನೆ. ‘ಜಸ್ಟಿಫೈ ಮಾಡು’ ಅಂದಾಗ ಆತ ಮಾಯ. ಆರೋಪಿಯೇ ವಾದ ಮಾಡುತ್ತಿರುವ ಹಾಗೆ ಕೇಳಿಸುತ್ತದೆ. ಆ ಹುಡುಗ ಹೇಳಿದ್ದು ಅದನ್ನೇ.

‘ಗ್ರೇಸ್’ ವಿಷಯದಲ್ಲಿ ಮಾತ್ರ ಅವನ ಉತ್ತರವನ್ನು ತಳ್ಳಿಹಾಕಬೇಡಿ. ಅದರ ಮೇಲೆಯೇ ಪಾಠ ಕಟ್ಟಿ. ಪಾಸಿಗೆ 35 ಬೇಕು ಅನ್ನೋಣ. 32 ಬಂದವನಿಗೆ 3 ಸೇರಿಸಿ ದಾಟಿಸುತ್ತಾರೆ. ತಾನು ಗಳಿಸದ್ದು ಸಿಕ್ಕಿತು, ಅಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ 5 ಬಂದವನಿಗೆ? ಅವನನ್ನು ದಾಟಿಸುವುದಿಲ್ಲ. ಕೃಪಾಂಕ ಹತ್ತಿರ ಬಂದವನಿಗೆ ಮಾತ್ರ. ಮುಕ್ಕಾಲು ಪಾಲು ನಾವು ಮಾಡಬೇಕು, ಉಳಿದದ್ದನ್ನು ದೇವರು ತುಂಬುತ್ತಾನೆ ಅಂತ ಮಗು ತಿಳಿದರೆ ವಾಕ್ಯ ತಲೆಕೆಳಗಾಯಿತು. ಎಫೆಸದವರ ಪತ್ರದ ಆ ಅಧ್ಯಾಯದಲ್ಲಿ ‘ನಿಮ್ಮಿಂದ ಉಂಟಾದದ್ದಲ್ಲ’ ಅಂತಲೇ ಇದೆ, ಅಲ್ವಾ? 5 ಬಂದವನಿಗೂ ಸೊನ್ನೆ ಬಂದವನಿಗೂ ಸಿಗುವುದು ಕೃಪೆ. ಪದ ‘ಕೃಪೆ’ಯೇ ಇರಲಿ. ಪಕ್ಕದಲ್ಲಿ ಇಂಗ್ಲಿಷ್ ಪದ ಇಡುವ ಬದಲು ಒಂದು ಕನ್ನಡ ವಾಕ್ಯ ಇಡಿ.

ಮೈಸೂರಿನಿಂದ:

ಕೃಪಾಂಕ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ‘ನೀತಿವಂತರೆಂದು ನಿರ್ಣಯಿಸು’ ಉದ್ದವಾದರೆ ‘ಖುಲಾಸೆ’ ಅನ್ನಬಹುದಲ್ಲ? ಕೋರ್ಟಿನ ಪದ, ಎಲ್ಲರಿಗೂ ಗೊತ್ತು.

ಬಳ್ಳಾರಿಯಿಂದ:

ಸಾಕ್ಷಿ ಸಾಲದೆ ಹೋದರೂ ಖುಲಾಸೆ ಆಗುತ್ತದೆ. ಇಲ್ಲಿ ತಪ್ಪು ಸಾಬೀತಾಗಿದೆ. ಆಮೇಲೂ ದೇವರು ನೀತಿವಂತ ಅನ್ನುತ್ತಾನೆ. ಹಾಗಾಗಿ ನನಗೆ ಒಪ್ಪಿಗೆ ಇಲ್ಲ.

ಧಾರವಾಡದಿಂದ:

ಈ ಭಾನುವಾರ 32 ಮತ್ತು 5ರ ಲೆಕ್ಕ ಬೋರ್ಡಿನ ಮೇಲೆ ಬರೆದೆ. ಅದೇ ಹುಡುಗ, “5 ಬಂದವನಿಗೂ ಕೊಟ್ರೆ ಓದಿದವನಿಗೆ ಮೋಸ ಅಲ್ವಾ ಟೀಚರ್?” ಅಂದ. ಕೃಪೆ ಅವನಿಗೆ ತಲುಪಿತು ಅನ್ನಿಸಿತು. ‘ನೀತಿವಂತ’ ಹತ್ತಿರ ಮಾತ್ರ ಮತ್ತೆ ಸಿಕ್ಕಿಬಿದ್ದೆವು. ನೀತಿ ಅಂದರೆ ಅವರಿಗೆ ಕತೆಯ ಕೊನೆಯ ಸಾಲು, ಮಾರಲ್ ಆಫ್ ದ ಸ್ಟೋರಿ. ಖುಲಾಸೆ ಬೇಡ ಅಂದಿರಿ. ಇನ್ನು ಯಾರಿಗಾದರೂ ಬೇರೆ ಪದ ಹೊಳೆದರೆ ದಯವಿಟ್ಟು ಬರೆಯಿರಿ.