ಪದಚರ್ಚೆ: ಚೀನೀ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘23.75 ಮಿ.ಗ್ರಾಂ’ ಎಂದಿರುವುದನ್ನು ಕನ್ನಡದಲ್ಲಿ ‘ಅರ್ಧ ಮಾತ್ರೆ’ ಎನ್ನಬಹುದೇ?

ಮಾನ್ಯರೇ,

ಚೀನಾದ ಯೀವೂ ನಗರದಲ್ಲಿ ವ್ಯಾಪಾರದಲ್ಲಿದ್ದ ನಮ್ಮ ಕಡೆಯವರೊಬ್ಬರಿಗೆ ಹೃದಯಾಘಾತವಾಗಿ, ಅಲ್ಲಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಅವರೀಗ ದಾವಣಗೆರೆಗೆ ಮರಳಿದ್ದಾರೆ. ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಚೀನೀ ಭಾಷೆಯಲ್ಲಿದೆ. ಇಲ್ಲಿನ ವೈದ್ಯರಿಗಾಗಿ ಇಂಗ್ಲಿಷಿಗೂ, ಮಾತ್ರೆ ಕೊಡುವ ಮನೆಯವರಿಗಾಗಿ ಕನ್ನಡಕ್ಕೂ ಅದನ್ನು ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಔಷಧಿಗಳ ಹೆಸರು ನನಗೆ ತೊಡಕಾಗಲಿಲ್ಲ. ಚೀನೀಯರು ಕಂಪನಿ ಇಟ್ಟ ಮಾರಾಟದ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನೇ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಔಷಧನಾಮಗಳ ಪಟ್ಟಿ ಚೀನೀ ಭಾಷೆಯಲ್ಲೂ ಇರುವುದರಿಂದ ಒಂದೊಂದನ್ನೂ ಅದರೊಡನೆ ತಾಳೆ ನೋಡಬಹುದು. ನನಗೆ ಸಂದೇಹ ಬಂದಿರುವುದು ಒಂದೇ ಸಾಲಿನಲ್ಲಿ. ಅದು ಹೀಗಿದೆ:

“ಮೆಟೊಪ್ರೊಲಾಲ್ ಸಕ್ಸಿನೇಟ್ ಹ್ವಾನ್‌ಷಿ ಮಾತ್ರೆ, 47.5 ಮಿ.ಗ್ರಾಂ × 7 ಮಾತ್ರೆ; ಒಂದು ಸಲಕ್ಕೆ 23.75 ಮಿ.ಗ್ರಾಂ, ದಿನಕ್ಕೊಂದು ಸಲ, ಬಾಯಿಯ ಮೂಲಕ.”

23.75 ಎಂಬುದು 47.5ರ ಸರಿಯಾದ ಅರ್ಧ. ಆದ್ದರಿಂದ ಮನೆಯವರಿಗೆ ‘ಅರ್ಧ ಮಾತ್ರೆ’ ಎಂದು ಬರೆದರೆ ಸುಲಭವಾಗಿ ತಿಳಿಯುತ್ತದೆ. ಆದರೆ ಮೂಲದಲ್ಲಿ ಆ ಮಾತು ಇಲ್ಲ. ‘ಹ್ವಾನ್‌ಷಿ’ ಎಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಎಂದರ್ಥ. ಇದಕ್ಕೆ ಬಳಕೆಯ ಕನ್ನಡದಲ್ಲಿ ಏನೆನ್ನುತ್ತಾರೆ? ಇನ್ನು ‘7 ಮಾತ್ರೆ’ ಎಂಬುದನ್ನು ಮನೆಯವರು ಏಳು ದಿನದ ಚಿಕಿತ್ಸೆ ಎಂದು ತಿಳಿದುಕೊಂಡಿದ್ದಾರೆ. ಅದೇ ಕಾಗದದಲ್ಲಿ ಟಿಕಾಗ್ರೆಲಾರ್ 90 ಮಿ.ಗ್ರಾಂನ 14 ಮಾತ್ರೆ, ದಿನಕ್ಕೆ ಎರಡು ಸಲ ಎಂದಿದೆ. ಲೆಕ್ಕ ಹಾಕಿದರೆ ಮೆಟೊಪ್ರೊಲಾಲ್ ಎರಡು ವಾರಕ್ಕೆ, ಟಿಕಾಗ್ರೆಲಾರ್ ಒಂದೇ ವಾರಕ್ಕೆ ಮುಗಿಯುತ್ತದೆ. ಇದು ಮನೆಗೆ ಕೊಟ್ಟು ಕಳಿಸಿದ ಪ್ರಮಾಣ ಮಾತ್ರವೆಂದೂ ಔಷಧಿ ನಿಲ್ಲಿಸುವ ದಿನವಲ್ಲವೆಂದೂ ನಾನು ಅರ್ಥ ಮಾಡಿಕೊಂಡಿದ್ದೇನೆ. ತಿಳಿದವರು ತಿಳಿಸಬೇಕು.

— ಪ್ರಶ್ನೆ ಕೇಳಿದ ಅನುವಾದಕಿ, ಮೈಸೂರು

---

ನಾನು ನಿವೃತ್ತ ವಿಜ್ಞಾನ ಅಧ್ಯಾಪಕ. ಚೀನಾದವರು ಐದು ಪ್ರತಿಶತ ಕಡಿಮೆ ಮದ್ದು ಹಾಕಿ ಮಾತ್ರೆ ತಯಾರಿಸುತ್ತಾರೆಂದು ಕಾಣುತ್ತದೆ. ನಮ್ಮಲ್ಲಿ ಇದೇ ಮಾತ್ರೆ 50 ಮತ್ತು 25ರಲ್ಲಿ ಸಿಗುತ್ತದೆ. ಆದ್ದರಿಂದ 47.5 ಇರುವಲ್ಲಿ 50 ಎಂದೂ 23.75 ಇರುವಲ್ಲಿ 25 ಎಂದೂ ಬರೆದುಬಿಟ್ಟರೆ ಅಂಗಡಿಯವನಿಗೂ ಮನೆಯವರಿಗೂ ಗೊಂದಲವಿರುವುದಿಲ್ಲ. ‘ಹ್ವಾನ್‌ಷಿ’ಗೆ ‘ನಿಧಾನವಾಗಿ ಕರಗುವ ಮಾತ್ರೆ’ ಎಂದರೆ ಸಾಕು.

— ಚಿತ್ರದುರ್ಗ

---

ಹಿಂದಿನ ಪತ್ರದವರು ಎರಡೂ ಒಂದೇ ಔಷಧಿ ಎಂದಿರುವುದು ಸರಿ, ಆದರೆ ಕೊಟ್ಟ ಕಾರಣ ಸರಿಯಲ್ಲ. ನಾನು ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುವವನು. ನಮ್ಮಲ್ಲಿ ‘50’ ಎಂದು ದೊಡ್ಡದಾಗಿ ಅಚ್ಚಾದ ಸ್ಟ್ರಿಪ್ಪನ್ನು ಹಿಂದಿರುಗಿಸಿ ಸಣ್ಣಕ್ಷರ ಓದಿದರೆ, ಸಕ್ಸಿನೇಟ್ 47.5 ಮಿ.ಗ್ರಾಂ, ಇದು ಟಾರ್ಟ್ರೇಟ್ 50 ಮಿ.ಗ್ರಾಂಗೆ ಸಮ ಎಂದು ಇರುತ್ತದೆ. ಒಂದೇ ಔಷಧಿ ಎರಡು ಬಗೆಯ ಲವಣವಾಗಿ ಬರುತ್ತದೆ; ಲವಣದ ತೂಕ ಬೇರೆಯಾದ್ದರಿಂದ ಅಂಕಿಯೂ ಬೇರೆಯಾಗುತ್ತದೆ. ಚೀನಾದವರು ಇದ್ದ ತೂಕವನ್ನೇ ಬರೆದಿದ್ದಾರೆ, ನಾವು ಸಮಾನ ತೂಕವನ್ನು ಮುಂದೆ ಹಾಕಿಕೊಂಡಿದ್ದೇವೆ. ಯಾರೂ ಮದ್ದು ಕಡಿಮೆ ಮಾಡಿಲ್ಲ.

ಹಾಗಿದ್ದರೂ ಮೂಲದ ಅಂಕಿಯನ್ನು ಅನುವಾದಕರು ಬದಲಿಸಬಾರದೆಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ತೊಂದರೆ ಇರುವುದೇ ‘ಅರ್ಧ’ದಲ್ಲಿ. ರೋಗಿಯ ಕೈಯಲ್ಲೀಗ ಚೀನಾದ 47.5ರ ಮಾತ್ರೆ ಇದೆ. ಅದರಲ್ಲಿ ಅರ್ಧ ತೆಗೆದುಕೊಳ್ಳುವುದು ಸರಿ. ಅದು ಮುಗಿದ ಮೇಲೆ ಮಗ ಅಂಗಡಿಗೆ ಬಂದು ನಮ್ಮ ‘25’ರ ಸ್ಟ್ರಿಪ್ ಕೊಳ್ಳುತ್ತಾನೆ. ಮನೆಯ ಚೀಟಿಯಲ್ಲಿ ‘ಅರ್ಧ ಮಾತ್ರೆ’ ಎಂದಷ್ಟೇ ಇದ್ದರೆ ಅದನ್ನೂ ಅರ್ಧ ಮಾಡುತ್ತಾರೆ, ಆಗ ರೋಗಿಗೆ ಸಿಗುವುದು ವೈದ್ಯರು ಹೇಳಿದ್ದರ ಅರ್ಧ ಮಾತ್ರ. ಅದೇ ‘50’ ಕೊಂಡು ಇಡೀ ಮಾತ್ರೆ ನುಂಗಿದರೆ ಎರಡು ಪಟ್ಟಾಗುತ್ತದೆ, ನಾಡಿಬಡಿತ ತೀರಾ ಇಳಿಯಬಹುದು. ಎಲ್ಲಿ ‘ಅರ್ಧ’ ಎಂಬ ಮಾತು ಬರುತ್ತದೋ ಅಲ್ಲಿ ಯಾವ ಮಾತ್ರೆಯ ಅರ್ಧ ಎಂಬುದೂ ಪಕ್ಕದಲ್ಲೇ ಇರಲಿ. ಅರ್ಧಕ್ಕೆ ಅಂಕಿ ಬೇಡ. ಒಂದು, ಅಡ್ಡಗೆರೆ, ಎರಡು ಎಂದು ಬರೆದದ್ದನ್ನು ‘ಒಂದೋ ಎರಡೋ’ ಎಂದು ಓದಿಕೊಂಡವರು ನಮ್ಮ ಅಂಗಡಿಗೆ ಬಂದಿದ್ದಾರೆ.

‘ಸಕ್ಸಿನೇಟ್’ ಎಂಬುದನ್ನು ಉದ್ದವಾಯಿತೆಂದು ಬಿಡಬೇಡಿ. ಟಾರ್ಟ್ರೇಟಿನ ಸಾದಾ ಮಾತ್ರೆ ಬೇರೆ ಇದೆ; ಅದರ ಪರಿಣಾಮ ದಿನವಿಡೀ ನಿಲ್ಲುವುದಿಲ್ಲವಾದ್ದರಿಂದ ಅದನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಕೊಡುತ್ತಾರೆ. ‘ಕರಗುವ’ ಎಂಬ ಮಾತನ್ನೂ ನಾನು ಒಪ್ಪಲಾರೆ. ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಂಡು ಕರಗಿಸುವ ಮಾತ್ರೆ ಇಂಥ ರೋಗಿಗಳ ಮನೆಯಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ. ಎರಡಕ್ಕೂ ಒಂದೇ ಮಾತು ಬಳಸಿದರೆ ಇದನ್ನೂ ಬಾಯಲ್ಲಿ ಇಟ್ಟುಕೊಂಡು ಕೂರುತ್ತಾರೆ. ‘ಜಗಿಯದೆ, ಪುಡಿ ಮಾಡದೆ ನೀರಿನೊಡನೆ ನುಂಗುವುದು’ ಎಂದು ಟಿಪ್ಪಣಿಯಲ್ಲಿ ಬರೆಯಿರಿ. ನಡುವೆ ಗೆರೆ ಇರುವ ಮಾತ್ರೆಯನ್ನು ಗೆರೆಯ ಮೇಲೆ ಮುರಿಯಬಹುದು, ಆದರೆ ಎಲ್ಲ ಕಂಪನಿಯ ಮಾತ್ರೆಗೂ ಗೆರೆ ಇರುವುದಿಲ್ಲ.

ಏಳು ಮಾತ್ರೆಯ ವಿಷಯದಲ್ಲಿ ನೀವು ಅರ್ಥ ಮಾಡಿಕೊಂಡದ್ದೇ ಸರಿ. ಮುಖ್ಯವಾಗಿ ಟಿಕಾಗ್ರೆಲಾರನ್ನು ಸ್ಟೆಂಟ್ ಹಾಕಿದ ಮೇಲೆ ವಾರಕ್ಕೆ ನಿಲ್ಲಿಸಿದರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹೃದಯಾಘಾತವಾದವರಿಗೆ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಆಸ್ಪಿರಿನ್ ಜೊತೆ 12 ತಿಂಗಳು ಕೊಡುತ್ತಾರೆ. ಚೀನಾದ ಮಾತ್ರೆ ಮುಗಿಯುವ ಮುಂಚೆಯೇ ಇಲ್ಲಿನ ವೈದ್ಯರನ್ನು ಕಾಣಲು ಹೇಳಿ.

— ಹುಬ್ಬಳ್ಳಿ

---

ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನಮ್ಮ ಅತ್ತೆಯವರಿಗೆ ‘ದಿನಕ್ಕೆ ಅರ್ಧ’ ಎಂದು ಬರೆದುಕೊಟ್ಟಿದ್ದರು. ಅವರು ಮಾತ್ರೆ ಮುರಿದು ಅರ್ಧ ಬೆಳಿಗ್ಗೆ ತೆಗೆದುಕೊಂಡು, ಉಳಿದರ್ಧ ಹಾಳಾಗಬಾರದೆಂದು ರಾತ್ರಿ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ ಹಾಕಿ ‘ಅರ್ಧ – 0 – 0’ ಎಂದು ಬರೆದು ಗೋಡೆಗೆ ಅಂಟಿಸಿದ ಮೇಲೆಯೇ ಸರಿಹೋಯಿತು. ನೀವೂ ಹಾಗೆಯೇ ಮಾಡಿ, ಚೀನೀ ಕಾಗದದ ವಾಕ್ಯಗಳನ್ನೆಲ್ಲ ಅನುವಾದಿಸುವ ಅಗತ್ಯವೇ ಇಲ್ಲ.

— ಶಿವಮೊಗ್ಗ

---

ಎಲ್ಲರಿಗೂ ವಂದನೆಗಳು. ಶಿವಮೊಗ್ಗದವರು ಹೇಳಿದ ಮೂರು ಮನೆಯ ಪಟ್ಟಿ ಮನೆಯವರಿಗೆ ಖಂಡಿತ ಉಪಯುಕ್ತ, ಆದರೆ ಅದನ್ನು ಅನುವಾದವೆಂದು ಕರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಚೀನೀ ಕಾಗದದಲ್ಲಿ ‘ದಿನಕ್ಕೊಂದು ಸಲ’ ಎಂದಿದೆಯೇ ಹೊರತು ಬೆಳಿಗ್ಗೆ ಎಂದಿಲ್ಲ. ಅದೇ ಕಾಗದದಲ್ಲಿ ಅಟೊರ್ವಸ್ಟಾಟಿನ್‌ಗೆ ‘ಪ್ರತಿ ರಾತ್ರಿ’ ಎಂದು ಬೇರೆಯಾಗಿಯೇ ಬರೆದಿದ್ದಾರೆ. ಹೊತ್ತು ಹೇಳಬೇಕೆಂದಾಗ ಹೇಳಿದ್ದಾರೆಂದಾಯಿತು. ಹೇಳದ ಕಡೆ ಅದನ್ನು ನಾನು ಸೇರಿಸುವಂತಿಲ್ಲ. ಹಾಗಾಗಿ ಸಾಲನ್ನು ಹೀಗೆ ಬರೆದಿದ್ದೇನೆ:

“ಮೆಟೊಪ್ರೊಲಾಲ್ ಸಕ್ಸಿನೇಟ್, ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ. ಕೊಟ್ಟು ಕಳಿಸಿದ್ದು: 47.5 ಮಿ.ಗ್ರಾಂನ 7 ಮಾತ್ರೆ. ತೆಗೆದುಕೊಳ್ಳಬೇಕಾದದ್ದು: ಒಂದು ಸಲಕ್ಕೆ 23.75 ಮಿ.ಗ್ರಾಂ, ದಿನಕ್ಕೆ ಒಂದೇ ಸಲ, ಬಾಯಿಯ ಮೂಲಕ.”

ಇದರ ಕೆಳಗೆ ‘ಅನುವಾದಕರ ಟಿಪ್ಪಣಿ’ ಎಂದು ಬೇರೆಯಾಗಿ ಕಾಣುವಂತೆ, “ಚೀನಾದಿಂದ ತಂದ 47.5 ಮಿ.ಗ್ರಾಂ ಮಾತ್ರೆಯಲ್ಲಿ ಇದು ಅರ್ಧ ಮಾತ್ರೆಯಾಗುತ್ತದೆ. ಜಗಿಯದೆ, ಪುಡಿ ಮಾಡದೆ ನೀರಿನೊಡನೆ ನುಂಗುವುದು. ಇಲ್ಲಿ ಹೊಸದಾಗಿ ಕೊಳ್ಳುವಾಗ ಎಷ್ಟರ ಮಾತ್ರೆ, ಇಡಿಯೋ ಅರ್ಧವೋ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳುವುದು” ಎಂದು ಸೇರಿಸಿದ್ದೇನೆ. ಮೂರು ಮನೆಯ ಪಟ್ಟಿಯನ್ನು ಖಾಲಿ ಬಿಟ್ಟು ಜೊತೆಗಿಟ್ಟಿದ್ದೇನೆ. ಅದನ್ನು ವೈದ್ಯರೇ ತುಂಬಲಿ.

— ಮೈಸೂರು

---

ಖಾಲಿ ಪಟ್ಟಿಯನ್ನು ಮನೆಯವರ ಕೈಗೆ ಕೊಟ್ಟರೆ ವೈದ್ಯರನ್ನು ಕಾಣುವ ಮುಂಚೆ ಅವರೇ ತುಂಬಿಕೊಂಡುಬಿಡುತ್ತಾರೆ. ಅದನ್ನು ಇಂಗ್ಲಿಷ್ ಪ್ರತಿಗೆ ಪಿನ್ ಹಾಕಿ ವೈದ್ಯರಿಗೇ ತಲುಪುವಂತೆ ಮಾಡಿ. ‘ಬೆಳಿಗ್ಗೆ’ ಎಂದು ನೀವೇ ಬರೆದಿದ್ದರೂ ಈ ಮಾತ್ರೆಯ ಮಟ್ಟಿಗೆ ತಪ್ಪಾಗುತ್ತಿರಲಿಲ್ಲವೆಂದು ಈಗಲೂ ನನ್ನ ಅಭಿಪ್ರಾಯ; ಅದರಲ್ಲಿ ನಿಮಗೂ ನನಗೂ ಒಮ್ಮತವಿಲ್ಲ.

— ಹುಬ್ಬಳ್ಳಿ